ಮೂವತ್ತೇಳನೇ ಬ್ಲೇಡ್, ಎರಡು ಮೇಲ್

ನಮ್ಮಲ್ಲಿ ಒಂದು ಹಲ್ಲಿಗೆ ಒಂದು ಲೋಟ ಕಾಫಿಯ ಬೆಲೆ. ಮರ ಕೊಯ್ಯುವ ಎರಡಡಿ ಅಗಲದ ಬ್ಲೇಡಿಗೆ ನಲವತ್ತು ಹಲ್ಲು, ಅಂದರೆ ನಲವತ್ತು ಲೋಟ ಕಾಫಿ. ಕೂಲಿ ಬೇರೆ. ಹೊಸ ಬ್ಲೇಡ್ ಕೊಳ್ಳುವ ದುಡ್ಡಿನಲ್ಲಿ ಹಳೆಯದಕ್ಕೆ ಮೂರು ಸಲ ಹಲ್ಲು ಕಟ್ಟಿಸಬಹುದು. ನಮ್ಮ ಅಂಗಡಿ ನಡೆಯುವುದೇ ಆ ಲೆಕ್ಕದ ಮೇಲೆ. ಹಲ್ಲಿಗೂ ಉಕ್ಕಿಗೂ ನಡುವೆ ಬೆಳ್ಳಿ ಬೆಸುಗೆ ಚೆನ್ನಾಗಿ ಹರಿಯಲಿ ಎಂದು ಮೊದಲು ಫ್ಲಕ್ಸ್ ಎನ್ನುವ ಬಿಳಿ ಪೇಸ್ಟ್ ಹಚ್ಚಬೇಕು. ಅದರ ಒಂದು ಡಬ್ಬಕ್ಕೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ. ಆ ತಿಂಗಳು ನನ್ನ ತಮ್ಮ ಅದನ್ನು ಅರ್ಧ ಬೆಲೆಗೆ ತಂದಿದ್ದ. ಇನ್ನು ಮೇಲ್ ಕಳಿಸುವುದಕ್ಕೆ ಖರ್ಚೇ ಇಲ್ಲ, ಬರೆಯುವವರ ಹೊತ್ತು ಮಾತ್ರ.

ಅಪ್ಪ ಸತ್ತ ಮೇಲೆ ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಾನೆ, ಗಾಜಿನ ಗೋಡೆಯ ಹಿಂದಿನ ಆಫೀಸನ್ನು ನಾನು. ಒಳಗಿನ ಕೆಲಸಗಾರರಲ್ಲಿ ಹಳಬ ಎಂದರೆ ಬೆಸುಗೆಯ ಕಿಡಿ. ಹೆಸರು ಬೇರೆ ಇದೆ, ಆದರೆ ಅವನ ಸಂಬಳದ ಚೀಟಿಯ ಮೇಲೂ ನಾವು ಕಿಡಿ ಎಂದೇ ಬರೆಯುತ್ತೇವೆ. ಐವತ್ತು ದಾಟಿದ ಮನುಷ್ಯ. ಹುಬ್ಬುಗಳು ಸುಟ್ಟು ಹೋಗಿ ವರ್ಷಗಳೇ ಆಗಿದ್ದವು, ಮತ್ತೆ ಬೆಳೆಯುವ ಗೊಡವೆಗೇ ಹೋಗಿರಲಿಲ್ಲ.

ಆ ಬುಧವಾರ ಮಧ್ಯಾಹ್ನ ಎರಡೂವರೆಗೆ ಸಾಣೆಯ ಮೆಷಿನ್ನಿನಿಂದ ಗುಂಡು ಹೊಡೆದ ಹಾಗೆ ಸದ್ದು ಬಂತು. ಒಂದಲ್ಲ, ಮೂರು. ಕೊನೆಯದು ನನ್ನ ಗಾಜಿನ ಗೋಡೆಗೆ ಬಡಿದು ಜೇಡರ ಬಲೆಯಂತೆ ಬಿರುಕು ಬಿಡಿಸಿತು. ಹೊರಗೆ ಓಡಿದೆ. ಹಿಂದಿನ ದಿನ ಹಲ್ಲು ಕಟ್ಟಿದ್ದ ಬ್ಲೇಡಿಗೆ ಸಾಣೆ ಹಿಡಿಯುತ್ತಿದ್ದಾಗ ಮೂರು ಹಲ್ಲು ಕಿತ್ತು ಹಾರಿದ್ದವು. ಕಿಡಿ ಮೆಷಿನ್ ನಿಲ್ಲಿಸಿ, ಹಿತ್ತಾಳೆಯ ಸರಳು ತಗೊಂಡು ಉಳಿದ ಹಲ್ಲುಗಳನ್ನು ಒಂದೊಂದಾಗಿ ಪಕ್ಕದಿಂದ ತಟ್ಟಿದ. ಗಟ್ಟಿ ಹಲ್ಲು ಸರಳಿಗೆ ಹೆದರುವುದಿಲ್ಲ. ಇವು ಪಟಪಟ ಉದುರಿದವು.

"ನೋಡಿ ಅಕ್ಕಾ," ಅಂದ ಕಿಡಿ, ಉದುರಿದ ಹಲ್ಲಿನ ಬುಡ ನನಗೆ ತೋರಿಸಿ. "ಮೇಲಿಂದ ಬೆಸುಗೆ ತುಂಬಿದ ಹಾಗೆ ಕಾಣ್ತದೆ. ಒಳಗೆ ಹಿಡಿದೇ ಇಲ್ಲ. ಈ ಪೇಸ್ಟ್ ನಮ್ಮ ಶಾಖಕ್ಕೆ ಆಗೋದಲ್ಲ. ನಾನು ಮೊನ್ನೇನೇ ಹೇಳಿದೆ, ವಾಸನೆ ಬೇರೆ ಬರ್ತಿದೆ ಅಂತ."

ಸೋಮವಾರ, ಮಂಗಳವಾರ ಆ ಡಬ್ಬದಿಂದ ಏಳು ಬ್ಲೇಡುಗಳಿಗೆ ಹಲ್ಲು ಕಟ್ಟಿದ್ದೆವು. ಒಂದು ಸಾಣೆಯ ಮೆಷಿನ್ನಿನಲ್ಲಿತ್ತು, ನಾಲ್ಕು ನಮ್ಮ ಗೋಡೆಯಲ್ಲೇ ನೇತಾಡುತ್ತಿದ್ದವು. ಅವಸರವಿದೆ ಎಂದಿದ್ದಕ್ಕೆ ಎರಡನ್ನು ಬೆಳಿಗ್ಗೆಯ ಗಾಡಿಯಲ್ಲಿ ಕಳಿಸಿಬಿಟ್ಟಿದ್ದೆವು. ಮೂವತ್ತೇಳನೇ ನಂಬರಿನದು ಮರದ ಮಿಲ್ಲು ನಡೆಸುವ ನಮ್ಮ ಮಿಲ್ಲಿನಣ್ಣನಿಗೆ. ನಲವತ್ತೊಂದನೆಯದು ಡೀಲರ್ ಮೂಲಕ ಒಂದು ಬಾಗಿಲು ಫ್ಯಾಕ್ಟರಿಗೆ. ಆ ಫ್ಯಾಕ್ಟರಿಯವರು ಯಾರೆಂದು ನಮಗೆ ಗೊತ್ತಿಲ್ಲ, ಅವರಿಗೆ ನಾವು ಯಾರೆಂದು ಗೊತ್ತಿಲ್ಲ.

ಓಡುವ ಬ್ಲೇಡಿನಿಂದ ಕಿತ್ತ ಹಲ್ಲು ಹೆದ್ದಾರಿಯ ಕಾರಿನ ಎರಡರಷ್ಟು ವೇಗದಲ್ಲಿ ಹೋಗುತ್ತದೆ. ಎದುರಿಗೆ ಮರವಿದ್ದರೆ ಮರದೊಳಗೆ, ಮುಖವಿದ್ದರೆ ಮುಖದೊಳಗೆ. ಎರಡು ಕಡೆಯೂ ಬ್ಲೇಡನ್ನು ಈಗಲೇ ಇಳಿಸಬೇಕು. ಆ ಮಧ್ಯಾಹ್ನ ಬೇರೆ ಯಾವ ಕೆಲಸವೂ ಕೆಲಸವಲ್ಲ.

ಫೋನ್ ಮಾಡಬಾರದಿತ್ತೇ ಎಂದು ಕೇಳುವವರಿದ್ದಾರೆ. ಮಾಡಿದೆ. ಡೀಲರನ್ನು ಕೇಳಿ ತಗೊಂಡ ಬಾಗಿಲು ಫ್ಯಾಕ್ಟರಿಯ ನಂಬರಿನಲ್ಲಿ ಒಂದು ಹೆಣ್ಣುದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹಾಡುತ್ತ ಹೋಗಿ, ಕೊನೆಗೆ ಮೇಲ್ ಮಾಡಿ ಎಂದು ಕೈ ತೊಳೆದುಕೊಂಡಿತು. ಮಿಲ್ಲಿನಣ್ಣನ ಕಿವಿಗಳನ್ನು ನಲವತ್ತು ವರ್ಷದ ಗರಗಸಗಳು ತಿಂದು ಮುಗಿಸಿವೆ. ಫೋನ್ ಎತ್ತಿದರೂ "ಹಾಂ? ಹಾಂ?" ಎಂದು ಇಟ್ಟುಬಿಡುತ್ತಾರೆ. ಅಲ್ಲಿ ಬೇರೆ ಯಾರ ನಂಬರೂ ನಮ್ಮಲ್ಲಿರಲಿಲ್ಲ. ಅವರ ವ್ಯವಹಾರವೆಲ್ಲ ಜೇಬಿನಲ್ಲಿ ನಡುಗುವ ಮೊಬೈಲಿನ ಮೇಲ್‌ನಲ್ಲಿ. ಅವರ ಮಿಲ್ಲಿಗೆ ಗಾಡಿಯಲ್ಲಿ ಹೋದರೆ ಎರಡೂವರೆ ಗಂಟೆ, ನಮ್ಮ ಗಾಡಿ ಬೇರೆ ದಿಕ್ಕಿಗೆ ಹೋಗಿತ್ತು.

ಮಿಲ್ಲಿನಣ್ಣ ಇಪ್ಪತ್ತೆರಡು ವರ್ಷದ ಗಿರಾಕಿ. ನಾನು ಅವರಿಗೆ ಬರೆದ ಮೊದಲ ಕಾಗದ ಒಂದು ಪುಟವಿತ್ತು. ಮೇಲೆ ಮಾನ್ಯರೇ, ಕೆಳಗೆ ತಮ್ಮ ವಿಶ್ವಾಸಿ. ನಾವು ಯಾರು, ಎಷ್ಟು ವರ್ಷದ ಅನುಭವ, ಯಾರಿಂದ ವಿಳಾಸ ಸಿಕ್ಕಿತು, ಎಲ್ಲ. ಎರಡನೇ ವರ್ಷ ಮಾನ್ಯರೇ ಹೋಗಿ ನಮಸ್ಕಾರ ಸಾರ್ ಬಂತು. ನನ್ನ ಮಗಳ ಮದುವೆಗೆ ಅವರು ಬೀಟೆಯ ಪೆಟ್ಟಿಗೆ ಮಾಡಿಸಿ ತಂದಮೇಲೆ ಸಾರ್ ಹೋಗಿ ಅಣ್ಣಾ ಆಯಿತು. ಆಮೇಲೆ ಅದೂ ಸವೆಯಿತು. "ಬ್ಲೇಡ್ ರೆಡಿ. ನಾಳೆ ಗಾಡಿ ಬರತ್ತೆ. ಮೊಣಕಾಲು ಹೇಗಿದೆ?" ಎಂದು ನಾನು ಬರೆದರೆ, "ಸರಿ. ಹಾಗೇ ಇದೆ." ಎಂದು ಅವರು. ಹೊರಗಿನವರು ಓದಿದರೆ ಜಗಳವಾಡಿದ್ದಾರೆ ಎಂದುಕೊಳ್ಳಬೇಕು, ಅಷ್ಟು ಗಿಡ್ಡ.

ರಜೆಯ ದಿನ, ಹೊಸ ದರ, ತೆರಿಗೆ ನಂಬರು ಇಂಥವನ್ನೆಲ್ಲ ತಮ್ಮ ಎಲ್ಲ ಗಿರಾಕಿಗಳಿಗೂ ಒಟ್ಟಿಗೆ ಒಂದು ಸುತ್ತೋಲೆ ಕಳಿಸುತ್ತಾನೆ. 'ಮಾನ್ಯ ಗ್ರಾಹಕರೇ' ಎಂದು ಅದರ ಶುರು. ಮಿಲ್ಲಿನಣ್ಣ ಒಮ್ಮೆ ಅಂಗಡಿಗೆ ಬಂದಾಗ ಇಡೀ ಬೀದಿಗೆ ಕೇಳುವ ಹಾಗೆ, "ತಂಗೀ, ಆ ಮಾನ್ಯ ಗ್ರಾಹಕ ಯಾರಮ್ಮಾ? ಅವನ ಕಾಗದ ಎಲ್ಲ ನನಗೆ ಬರ್ತಿದೆ. ಪಾಪ, ಅವನು ಕಾಯ್ತಿರ್ತಾನೆ," ಎಂದು ನಕ್ಕಿದ್ದರು. ಅಂಥದ್ದನ್ನು ತೆರೆಯದೆಯೇ ಅಳಿಸಿಬಿಡುವುದು ಅವರ ಅಭ್ಯಾಸ. ಬೇಕಾದ್ದನ್ನು ತಂಗಿ ಬೇರೆ ಬರೆಯುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು.

ಕೂತೆ. ಮೊದಲು ಬಾಗಿಲು ಫ್ಯಾಕ್ಟರಿಗೆ. ಕಷ್ಟದ್ದನ್ನು ಮೊದಲು ಮುಗಿಸೋಣ, ಅಣ್ಣನದು ಒಂದು ಗೆರೆಯ ಕೆಲಸ, ಅರ್ಧ ನಿಮಿಷ ಸಾಕು ಎಂದುಕೊಂಡೆ. ನನ್ನ ತಪ್ಪು ಅಲ್ಲೇ ಶುರುವಾದದ್ದು. ಅರ್ಧ ನಿಮಿಷದ ಕೆಲಸವನ್ನು ಮೊದಲು ಮಾಡಿ ಮುಗಿಸಬೇಕಿತ್ತು.

ಮೊದಲು ಕೈಗೆ ಬಂದದ್ದು, "ಬ್ಲೇಡ್ ಕೂಡಲೇ ಇಳಿಸಿ, ಹಲ್ಲು ಹಾರತ್ತೆ" ಅಂತ. ಓದಿ ನೋಡಿದೆ. ಗುರುತಿಲ್ಲದವರಿಗೆ ಇದು ಯಾರೋ ತಲೆಕೆಟ್ಟವರು ಕಳಿಸಿದ ಹಾಗಿರುತ್ತದೆ. ದೊಡ್ಡ ಫ್ಯಾಕ್ಟರಿ. ಒಂದು ಮೆಷಿನ್ ನಿಲ್ಲಿಸಬೇಕಾದರೆ ಯಾರೋ ಒಬ್ಬರು ತಮ್ಮ ಮೇಲಿನವರಿಗೆ ಕಾರಣ ಹೇಳಬೇಕು. ಆ ಒಬ್ಬರ ಕೈಗೆ ನಾನು ಕಾರಣ ಕೊಡಬೇಕು. ಅಳಿಸಿ ಮತ್ತೆ ಬರೆದೆ.

ವಿಷಯದ ಸಾಲಿನಲ್ಲೇ ಹಾಕಿದೆ: 'ತುರ್ತು ಸುರಕ್ಷತಾ ಸೂಚನೆ: ಬ್ಲೇಡ್ ನಂಬರ್ ನಲವತ್ತೊಂದನ್ನು ಬಳಸಬೇಡಿ'. ಕೆಳಗೆ ಮಾನ್ಯರೇ. ನಾವು ಗರಗಸದ ಬ್ಲೇಡುಗಳಿಗೆ ಹಲ್ಲು ಕಟ್ಟುವ ಸಂಸ್ಥೆ, ನಿಮ್ಮ ವಿಳಾಸ ಇಂಥ ಡೀಲರಿಂದ ದೊರೆಯಿತು. ಇಂದು ಬೆಳಿಗ್ಗೆ ಅವರ ಮೂಲಕ ನಿಮಗೆ ತಲುಪಿದ ಬ್ಲೇಡಿನ ಮೇಲೆ ಈ ನಂಬರು ಕೆತ್ತಿದೆ, ಮಧ್ಯದ ತೂತಿನ ಪಕ್ಕ ನೋಡಿ. ಅದೇ ಡಬ್ಬದ ಫ್ಲಕ್ಸ್ ಬಳಸಿದ ಬೇರೊಂದು ಬ್ಲೇಡಿನ ಹಲ್ಲುಗಳು ಇಂದು ನಮ್ಮ ಪರೀಕ್ಷೆಯಲ್ಲಿ ಕಳಚಿವೆ, ಫೋಟೋ ಲಗತ್ತಿಸಿದೆ. ದಯವಿಟ್ಟು ಯಂತ್ರವನ್ನು ತಕ್ಷಣ ನಿಲ್ಲಿಸಿ ಬ್ಲೇಡನ್ನು ಇಳಿಸಿಡಬೇಕಾಗಿ ಕೋರುತ್ತೇವೆ. ಬದಲಿ ಬ್ಲೇಡ್ ನಾಳೆ ನಮ್ಮ ಖರ್ಚಿನಲ್ಲಿ ಬರುತ್ತದೆ. ಈ ಪತ್ರ ತಲುಪಿದ್ದನ್ನು ತಿಳಿಸಿ. ನನ್ನ ಪೂರ್ತಿ ಹೆಸರು, ಹುದ್ದೆ, ನೇರ ಫೋನ್.

'ಇದರಿಂದ ತಮಗಾದ ಅನನುಕೂಲಕ್ಕೆ' ಎಂದು ಶುರುಮಾಡಿದ್ದನ್ನು ಹೊಡೆದುಹಾಕಿದೆ. ಮುಖಕ್ಕೆ ಹಲ್ಲು ನೆಡುವುದಕ್ಕೆ ಅನನುಕೂಲ ಎನ್ನುವುದಿಲ್ಲ. ಫೋಟೋ ತೆಗೆಸಿ, ಡೀಲರಿಂದ ಸರಿಯಾದ ವಿಳಾಸ ತರಿಸಿ ಕಳಿಸುವ ಹೊತ್ತಿಗೆ ನಾಲ್ಕಕ್ಕೆ ಹತ್ತು ನಿಮಿಷ.

ಅಷ್ಟರಲ್ಲಿ ಹೊರಗೆ ದನಿಗಳು ಏರಿದ್ದವು.

"ನಿನ್ನ ಕೈ ಕೆಟ್ಟಿದೆ ಅಂತ ಹೇಳು! ಡಬ್ಬದ ಮೇಲೆ ಹಾಕ್ಬೇಡ!" ತಮ್ಮ.

"ಮೂವತ್ತು ವರ್ಷದಿಂದ ಕೆಡದ ಕೈ ನೀವು ಅಗ್ಗದ ಡಬ್ಬ ತಂದ ವಾರಾನೇ ಕೆಡ್ತಾ ಯಜಮಾನ್ರೇ? ಭಾರಿ ಬುದ್ಧಿವಂತ ಕೈ ಅದು!"

ಯಾರೋ ನಕ್ಕರು. ನಕ್ಕವರು ನಗದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ಕುರ್ಚಿ ಸರಿಸಿ ಏಳುವಷ್ಟರಲ್ಲಿ ತಮ್ಮ ಕಿಡಿಯ ಕೊರಳಪಟ್ಟಿ ಹಿಡಿದಿದ್ದ. ಕಿಡಿಯ ಕೈಯಲ್ಲಿ ಗ್ಯಾಸಿನ ಟಾರ್ಚ್ ಉರಿಯುತ್ತಲೇ ಇತ್ತು. ಬಿಡಿಸಿಕೊಳ್ಳಲು ಕೈ ಎತ್ತಿದ. ನೀಲಿ ಜ್ವಾಲೆ ತಮ್ಮನ ಮುಂಗೈ ನೆಕ್ಕಿತು. ಸುಟ್ಟ ರೋಮದ ವಾಸನೆ ನನಗೆ ಬಾಗಿಲವರೆಗೂ ಬಂತು. ತಮ್ಮ ಕಿರಿಚಿ, ಎಡಗೈಗೆ ಸಿಕ್ಕ ಉಕ್ಕಿನ ತಟ್ಟೆ ತಗೊಂಡು ಕಿಡಿಯ ತಲೆಗೆ ಬೀಸಿದ. ಹಲ್ಲಿಲ್ಲದ ಬ್ಲೇಡಿನ ತಟ್ಟೆ ಅದು, ಸದ್ಯ. ಆದರೂ ಅಂಚು ಅಂಚೇ. ಕಿಡಿ ಮೊಣಕಾಲೂರಿದ. ಕಿವಿಯ ಮೇಲಿಂದ ರಕ್ತ ಧಾರೆಯಾಗಿ ಇಳಿದು ಅಂಗಿಯ ತೋಳಿಗೆ ಸೇರಿತು. ತಮ್ಮ ಇನ್ನೊಂದು ಏಟಿಗೆ ಕೈ ಎತ್ತಿದ್ದ.

ನಾನು ಅವನ ಕಪಾಳಕ್ಕೆ ಬಾರಿಸಿದೆ. ನಲವತ್ತೆಂಟು ವರ್ಷದ ಗಂಡಸಿಗೆ, ಕೆಲಸಗಾರರೆದುರು.

"ಅಕ್ಕಾ!"

"ಬಾಯಿ ಮುಚ್ಚು. ಕೈಯನ್ನ ನಲ್ಲಿ ಕೆಳಗೆ ಹಿಡಿ. ಆಮೇಲೆ ಮಿಲ್ಲಿನಣ್ಣನಿಗೆ ಮೇಲ್ ಹಾಕು, ಬ್ಲೇಡ್ ಇಳಿಸಿ ಅಂತ. ಈಗಲೇ. ನಾನು ಇವನನ್ನ ಹೊಲಿಗೆ ಹಾಕಿಸ್ಕೊಂಡು ಬರ್ತೀನಿ."

"ಹಾಕ್ತೀನಿ, ಹಾಕ್ತೀನಿ. ಹೋಗು."

ಕಿಡಿಯನ್ನು ಪಕ್ಕದ ಬೀದಿಯ ದವಾಖಾನೆಗೆ ನಡೆಸಿಕೊಂಡು ಹೋದೆ. ನನ್ನ ಸೆರಗು ಅವನ ಗಾಯಕ್ಕೆ ಒತ್ತಿದ್ದೆ, ಒಂದೊಂದು ಹೆಜ್ಜೆಗೂ ಅದು ಭಾರವಾಗುತ್ತಿತ್ತು. ಏಳು ಹೊಲಿಗೆ. ಸೂಜಿ ಚುಚ್ಚುವಾಗಲೂ ಅವನು ಬೇರೆಯದನ್ನೇ ಕೇಳುತ್ತಿದ್ದ.

"ಬ್ಲೇಡ್ ಇಳಿಸಿದ್ರಂತಾ ಅಕ್ಕಾ?"

ನನ್ನ ಫೋನಿನಲ್ಲಿ ಬಾಗಿಲು ಫ್ಯಾಕ್ಟರಿಯ ಉತ್ತರ ಬಂದಿತ್ತು. ನಾಲ್ಕು ಮೂವತ್ತೈದಕ್ಕೆ. 'ಮಾನ್ಯರೇ, ತಮ್ಮ ಸೂಚನೆಯಂತೆ ಯಂತ್ರ ನಿಲ್ಲಿಸಿ ಬ್ಲೇಡನ್ನು ಇಳಿಸಲಾಗಿದೆ. ಪರಿಶೀಲಿಸಿದಾಗ ಎರಡು ಹಲ್ಲುಗಳು ಸಡಿಲವಾಗಿರುವುದು ಕಂಡುಬಂದಿದೆ. ವಂದನೆಗಳು.' ಕೆಳಗೆ ಸುರಕ್ಷತಾ ಅಧಿಕಾರಿ ಎಂದಿತ್ತು.

"ಒಂದು ಕಡೆ ಇಳಿಸಿದ್ರು," ಅಂದೆ. "ಅಣ್ಣನಿಗೆ ತಮ್ಮ ಬರೆದಿರ್ತಾನೆ. ಇಷ್ಟೊತ್ತಿಗೆ ಇಳಿಸಿರ್ತಾರೆ."

ಅಂಗಡಿಗೆ ವಾಪಸ್ಸಾದಾಗ ಆರು. ತಮ್ಮ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನನ್ನ ಕುರ್ಚಿಯಲ್ಲಿ ಕೂತಿದ್ದ.

"ಅಣ್ಣನಿಂದ ಉತ್ತರ ಬಂತಾ?"

"ಇಲ್ಲ. ಕಳಿಸಿದ್ದು ನಾಲ್ಕೂ ಹತ್ತಕ್ಕೇ."

"ಏನು ಬರೆದೆ?"

"ನೀನು ಬರೆದಿದ್ದೆಯಲ್ಲ, ಅದನ್ನೇ. ನಂಬರು ಬದಲಾಯಿಸಿದೆ, ಡೀಲರ್ ಮಾತು ತೆಗೆದೆ. ಚೆನ್ನಾಗಿ ಬರೆದಿದ್ದೀಯ ಅಕ್ಕಾ, ನಾಳೆ ಕೋರ್ಟು ಗೀರ್ಟು ಅಂತಾದರೂ ನಿಲ್ಲುವ ಹಾಗಿದೆ."

ಅವನನ್ನು ಎಬ್ಬಿಸಿ ಕಳಿಸಿದ್ದನ್ನು ತೆರೆದೆ. ವಿಷಯದ ಸಾಲಿನಲ್ಲಿ 'ತುರ್ತು ಸುರಕ್ಷತಾ ಸೂಚನೆ' ಎಂದಷ್ಟೇ, ಬ್ಲೇಡಿನ ನಂಬರಿಲ್ಲ. ಕೆಳಗೆ 'ಮಾನ್ಯ ಗ್ರಾಹಕರೇ'. ನಾವು ಗರಗಸದ ಬ್ಲೇಡುಗಳಿಗೆ ಹಲ್ಲು ಕಟ್ಟುವ ಸಂಸ್ಥೆ. ಇಪ್ಪತ್ತೆರಡು ವರ್ಷ ನಮ್ಮ ಬ್ಲೇಡಿನಲ್ಲೇ ಮರ ಕೊಯ್ದವರಿಗೆ ನಾವು ಯಾರೆಂದು ಹೇಳಿದ್ದ. ಕೊನೆಗೆ ಸಂಸ್ಥೆಯ ಪರವಾಗಿ ಎಂದು ತನ್ನ ಹೆಸರು.

"ಅವರು ಇದನ್ನ ಓದೋದಿಲ್ಲ ಕಣೋ."

"ಯಾಕೆ ಓದೋದಿಲ್ಲ? ತುರ್ತು ಅಂತ ಇದೆಯಲ್ಲ!"

"ದರ ಏರಿಸಿದಾಗಲೂ ತುರ್ತು ಅಂತಲೇ ಹಾಕ್ತೀಯ."

ನಾನು ನಿಂತುಕೊಂಡೇ ಬರೆದೆ. "ಅಣ್ಣಾ, ಮೂವತ್ತೇಳು ಇಳಿಸಿಬಿಡಿ. ಈಗಲೇ. ಹಲ್ಲು ಹಾರತ್ತೆ. ತಂಗಿ." ಕಳಿಸಿದೆ. ಅರ್ಧ ನಿಮಿಷವೂ ಆಗಲಿಲ್ಲ.

ಉತ್ತರ ಬರಲಿಲ್ಲ. ಏಳಕ್ಕೆ ಬರಲಿಲ್ಲ, ಎಂಟಕ್ಕೆ ಬರಲಿಲ್ಲ. ಬಾಡಿಗೆ ಕಾರು ಮಾಡಿಕೊಂಡು ಹೊರಡೋಣ ಎಂದುಕೊಳ್ಳುವ ಹೊತ್ತಿಗೆ ನಮ್ಮ ಗಾಡಿಯವನು ಫೋನ್ ಮಾಡಿದ. ದಾರಿಯಲ್ಲಿ ಚಾಲಕರು ಮಾತಾಡಿಕೊಳ್ಳುತ್ತಿದ್ದರಂತೆ. ಮಿಲ್ಲಿನಲ್ಲಿ ಐದೂ ಇಪ್ಪತ್ತಕ್ಕೆ ಹಲ್ಲು ಹಾರಿತಂತೆ. ಮೆಷಿನ್ ಮುಂದೆ ನಿಂತಿದ್ದವನು ಮಿಲ್ಲಿನಣ್ಣನ ಅಳಿಯ. ಮಗಳ ಗಂಡ, ಮೂವತ್ತೆರಡು ವರ್ಷ, ಇಬ್ಬರು ಮಕ್ಕಳು. ಎರಡು ಹಲ್ಲು. ಒಂದು ದವಡೆಯ ಮೂಳೆ ಒಡೆದು ಒಳಗೇ ಕೂತಿತ್ತು. ಇನ್ನೊಂದು ಎಡಗಣ್ಣಿಗೆ. ನಮ್ಮೂರಿನ ದೊಡ್ಡಾಸ್ಪತ್ರೆಗೇ ಕರೆತರುತ್ತಿದ್ದಾರಂತೆ.

ಬೆಳಿಗ್ಗೆ ಆಸ್ಪತ್ರೆಗೆ ಹೊರಟವಳು ಅಂಗಡಿಯ ಶಟರ್ ಎತ್ತಿಸಲು ಒಂದು ಗಳಿಗೆ ನಿಂತೆ. ಅಷ್ಟರಲ್ಲೇ ಮಿಲ್ಲಿನಣ್ಣನ ಹಳೇ ಜೀಪು ಬಂತು. ಅವರೊಬ್ಬರೇ. ಹಿಂದಿನ ಸೀಟಿನಿಂದ ದಿಮ್ಮಿ ಉರುಳಿಸುವ ಹಾರೆ ಎಳೆದುಕೊಂಡರು. ಎದೆಯ ಎತ್ತರದ ಕಬ್ಬಿಣ. ಅಂಗಿಯ ಎದೆಯ ಮೇಲೆ ಒಣಗಿದ ರಕ್ತ ಕಂದು ಬಣ್ಣಕ್ಕೆ ತಿರುಗಿತ್ತು, ಅವರದಲ್ಲ.

"ಅಣ್ಣಾ," ಅಂದೆ. ಅವರಿಗೆ ಕೇಳಿಸದು. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ.

ಮೊದಲ ಏಟು ಸಾಣೆಯ ಮೆಷಿನ್ನಿಗೆ. ವಜ್ರದ ಚಕ್ರ ಚೂರುಚೂರಾಯಿತು. ಎರಡನೆಯದು ಗೋಡೆಗೆ ನೇತುಹಾಕಿದ್ದ ಬ್ಲೇಡುಗಳಿಗೆ, ಅವೆಲ್ಲ ಗಂಟೆಗಳಂತೆ ಕೂಗುತ್ತ ನೆಲಕ್ಕೆ ಬಿದ್ದು ಉರುಳಿದವು. ಮೂರನೆಯದಕ್ಕೆ ಬಿರುಕು ಬಿಟ್ಟಿದ್ದ ನನ್ನ ಗಾಜಿನ ಗೋಡೆ ಪೂರ್ತಿ ಕುಸಿಯಿತು. ಕೆಲಸಗಾರರು ಹಿಂದಿನ ಬಾಗಿಲಿಂದ ಓಡಿದರು. ಕಿಡಿ ಮಾತ್ರ ತಲೆಗೆ ಪಟ್ಟಿ ಕಟ್ಟಿಕೊಂಡು ತನ್ನ ಬೆಂಚಿನ ಬಳಿ ನಿಂತೇ ಇದ್ದ, ಏಟು ಬಿದ್ದರೆ ಬೀಳಲಿ ಎನ್ನುವವನ ಹಾಗೆ.

"ಎಲ್ಲಿ ಅವನು? ಹಲ್ಲು ಕಟ್ಟಿದವನು ಎಲ್ಲಿ?"

ಕಿಡಿ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಕಟ್ಟಿದ್ದು."

ಹಾರೆ ಮೇಲೆದ್ದಿತು. ಆಗ ತಮ್ಮ ಆಫೀಸಿನಿಂದ ಓಡಿ ಬಂದು ಅವರ ಸೊಂಟ ತಬ್ಬಿ ಹಿಡಿದ. ಅವನ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಯೂ ಜೊತೆಗೇ ಬಂತು.

"ನಾವು ನೋಟಿಸ್ ಕೊಟ್ಟಿದ್ವಿ! ನಾಲ್ಕೂ ಹತ್ತಕ್ಕೇ ಕೊಟ್ಟಿದ್ವಿ! ನೀವು ಓದದಿದ್ರೆ ನಾವೇನು ಮಾಡೋಣ?"

ಕಿವಿಯ ಹತ್ತಿರವೇ ಕಿರುಚಿದ್ದರಿಂದ ಅಷ್ಟು ಮಾತ್ರ ಅವರಿಗೆ ಕೇಳಿಸಿತು. ಅರವತ್ತೆಂಟು ವರ್ಷದ ಮನುಷ್ಯ ತಮ್ಮನನ್ನು ಚಾಪೆ ಕೊಡವಿದ ಹಾಗೆ ಕೊಡವಿ ಎಸೆದರು. ಬೆಂಚಿನ ಅಂಚಿಗೆ ಬಿದ್ದ ಅವನ ಪಕ್ಕೆಗೆ ಹಾರೆಯ ಹಿಂತುದಿಯಿಂದ ತಿವಿದರು. ಒಣ ಕೊಂಬೆ ಮುರಿದ ಸದ್ದು ಬಂತು. ಮತ್ತೆ ಎತ್ತಿದರು. ನಾನು ಅಡ್ಡ ಹೋಗಿ ಕೈ ಚಾಚಿದೆ. ಏಟು ನನ್ನ ಮಣಿಕಟ್ಟಿಗೆ ಸವರಿಕೊಂಡು ನೆಲಕ್ಕೆ ಬಿತ್ತು, ಸಿಮೆಂಟು ಎದ್ದಿತು. ಕಣ್ಣು ಕತ್ತಲಿಟ್ಟರೂ ನಾನು ಬೀಳಲಿಲ್ಲ.

ನನ್ನನ್ನು ಕಂಡು ಅವರು ತಡೆದರು.

"ಏನು ನೋಟಿಸ್ ಅಂತಾನೆ ಇವನು? ತಂಗೀ? ಏನು ನೋಟಿಸ್?"

ಅವರ ಅಂಗಿಯ ಜೇಬಿಗೆ ನಾನೇ ಕೈ ಹಾಕಿ ಮೊಬೈಲ್ ತೆಗೆದೆ. ಸರಿಯಾಗಿದ್ದ ಕೈಯಿಂದ ಹುಡುಕಿದೆ. ನನ್ನ ಆರು ಗಂಟೆಯ ಮೇಲ್ ಮೇಲೆಯೇ ಇತ್ತು, ಅವರು ಅದನ್ನು ತೆರೆದಿದ್ದರು. ಆಸ್ಪತ್ರೆಯಲ್ಲಿ ಓದಿರಬೇಕು. ತಮ್ಮನದು ಕಸದ ಬುಟ್ಟಿಯಲ್ಲಿ ಸಿಕ್ಕಿತು. ತೆರೆದು ಅವರ ಕಣ್ಣೆದುರು ಹಿಡಿದೆ.

ಕನ್ನಡಕ ಹಾಕಿಕೊಂಡು ಓದಿದರು. ಹಾರೆಯನ್ನು ಕಂಕುಳಲ್ಲಿ ಒತ್ತಿಕೊಂಡು, ತುಟಿ ಅಲುಗಿಸುತ್ತ, ಮೊದಲಿನಿಂದ. ನಾವು ಗರಗಸದ ಬ್ಲೇಡುಗಳಿಗೆ ಹಲ್ಲು ಕಟ್ಟುವ ಸಂಸ್ಥೆ ಎನ್ನುವಲ್ಲಿಂದ. ಐದನೇ ಸಾಲಿಗೆ ಬಂದಾಗ ತುಟಿ ನಿಂತಿತು. ಬೆರಳಿಟ್ಟು ಗಂಟೆ ನೋಡಿದರು. ನಾಲ್ಕು ಹತ್ತು.

"ನಾಲ್ಕು ಹತ್ತು," ಅಂದರು. "ನಾನು ಯಾರ್ಡಲ್ಲೇ ನಿಂತಿದ್ದೆ. ಜೇಬು ನಡುಗಿತು. ನೋಡಿದೆ. ಅಂಗಡಿಯದು, ಮಾನ್ಯ ಗ್ರಾಹಕರೇ ಅಂತಿತ್ತು. ಒರೆಸಿ ಹಾಕಿದೆ. ಅಳಿಯ ಆಗ ಕಾಫಿ ಕುಡೀತಿದ್ದ. ಮೆಷಿನ್ ನಿಂತೇ ಇತ್ತು." ಇಷ್ಟನ್ನು ಅವರು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನೀನ್ಯಾಕೆ ಬರೀಲಿಲ್ಲ?"

ಕಿಡಿಯ ತಲೆ ಒಡೆದಿತ್ತು, ಹೊಲಿಗೆ ಹಾಕಿಸಲು ಹೋಗಿದ್ದೆ, ತಮ್ಮನಿಗೆ ಹೇಳಿದ್ದೆ. ಎಲ್ಲ ನಿಜ. ಅವರ ಕಿವಿಯ ಹತ್ತಿರ ಬಾಯಿಟ್ಟು ನಾನು ಹೇಳಿದ್ದು ಬೇರೆ.

"ನಿಮ್ಮದು ಒಂದು ಗೆರೆ ತಾನೆ, ಆಮೇಲೆ ಬರೆಯೋಣ ಅಂದ್ಕೊಂಡೆ."

"ಮೊದಲು ಯಾರಿಗೆ ಬರೆದೆ?"

"ಹೊಸಬರಿಗೆ."

"ಅವರು ಇಳಿಸಿದ್ರಾ?"

"ಇಳಿಸಿದ್ರು."

ಮೊಬೈಲನ್ನು ನನ್ನ ಕೈಯಿಂದ ತಗೊಂಡು ಬೆಸುಗೆಯ ಬೆಂಚಿನ ಮೇಲಿಟ್ಟರು. ಹಾರೆಯಿಂದ ಅದನ್ನು ಮೂರು ಸಲ ಕುಟ್ಟಿದರು. ಆಮೇಲೆ ಹಾರೆ ಬಿಸಾಕಿ, ಬಲಗೈ ಮುಷ್ಟಿಯಿಂದ ತಮ್ಮದೇ ಹಣೆಯನ್ನು ಗುದ್ದಿಕೊಳ್ಳತೊಡಗಿದರು. ಹುಬ್ಬು ಒಡೆದು ರಕ್ತ ಕನ್ನಡಕದ ಮೇಲೆ ಇಳಿಯಿತು. ನಿಲ್ಲಿಸಲಿಲ್ಲ. ಕಿಡಿ ಹಿಂದಿನಿಂದ ಹೋಗಿ ಅವರ ಎರಡೂ ಕೈ ಹಿಡಿದ. ಇಬ್ಬರೂ ಗಾಜಿನ ಚೂರುಗಳ ಮೇಲೆ ಕುಸಿದು ಕೂತರು.

"ಬಿಡೋ," ಅಂದರು ಮಿಲ್ಲಿನಣ್ಣ.

"ಬಿಡಲ್ಲ. ಹೊಡೆಯೋದಿದ್ರೆ ನನಗೆ ಹೊಡೀರಿ. ಹೊಲಿಗೆ ಹೇಗೂ ಇದೆ, ಇನ್ನೆರಡು ಹಾಕಿಸ್ತೀನಿ."

ನಗು ಬರುವ ಮಾತಾಗಿತ್ತು. ಯಾರೂ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವರು ಎದ್ದು ಜೀಪಿನತ್ತ ಹೋದರು. ನಾನು ಹಿಂದೆ ಹೋದೆ. ಜೀಪಿನೊಳಗೆ ಕೂತು, ಮುಂದಕ್ಕೆ ನೋಡುತ್ತ, ಎಂದಿನ ದೊಡ್ಡ ದನಿಯಲ್ಲಿ ಹೇಳಿದರು: "ನನ್ನ ಮಗಳು ಕೇಳ್ತಾಳೆ, ಅಪ್ಪಾ ನಿನಗೆ ಹೇಳಿರಲಿಲ್ವಾ ಅಂತ. ಹೇಳಿದ್ರು ಅನ್ನಲಾ? ಹೇಳಲಿಲ್ಲ ಅನ್ನಲಾ? ನೀನೇ ಹೇಳು, ಬರವಣಿಗೆ ಬಲ್ಲವಳು."

ಜೀಪು ಹೋಯಿತು.

ತಮ್ಮನನ್ನು ಅದೇ ಆಸ್ಪತ್ರೆಗೆ ಸೇರಿಸಿದೆವು. ಮಂಚದ ಮೇಲಿಂದ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದ. "ಕೊಡು. ಮೊದಲನೇ ಸಾಲಲ್ಲಿ ಡಬ್ಬ ಯಾರು ತಂದಿದ್ದು ಅಂತ ಬರೆಸು," ಅಂದೆ. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಆಮೇಲೆ ಆ ಮಾತು ಎತ್ತಲಿಲ್ಲ. ಮುರಿದ ಪಕ್ಕೆಗಳು ಅಳುವುದಕ್ಕೂ ಬಿಡುವುದಿಲ್ಲವಂತೆ, ಅತ್ತರೆ ನೋಯುತ್ತದಂತೆ. ಅವನು ನೋವು ತಡೆದುಕೊಂಡೇ ಅತ್ತಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಹೋಗಲಿಲ್ಲ. ಒಬ್ಬನೇ ಅಳಲಿ ಎನ್ನಿಸಿತು.

ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡು, ಹಾಗೇ ಮೇಲಿನ ಮಹಡಿಗೆ ಹೋದೆ. ಅಳಿಯನ ಕಣ್ಣು ಕತ್ತರಿಸಿ ತೆಗೆದಿದ್ದರು. ಮಿಲ್ಲಿನಣ್ಣನ ಮಗಳು ನನ್ನನ್ನು ನೋಡಿ ಎದ್ದು ನಿಂತಳು. ಅವಳ ಮದುವೆಗೆ ನಾನು ಹೋಗಿದ್ದೆ. ನನ್ನ ಕಪಾಳಕ್ಕೆ ಹೊಡೆದಳು, ಒಮ್ಮೆ, ಗಟ್ಟಿಯಾಗಿ. "ಅತ್ತೆ ಅಂತಿದ್ದೆ ನಿಮ್ಮನ್ನ," ಅಂದಳು. ಹಿಂದಿನ ದಿನ ನಾನು ತಮ್ಮನಿಗೆ ಹೊಡೆದಷ್ಟೇ ಗಟ್ಟಿ. ನಿಂತು ತಗೊಂಡೆ.

ಆಪರೇಷನ್ನಿನ ಖರ್ಚನ್ನು ಅಂಗಡಿಯಿಂದ ಕಟ್ಟಿದೆವು. ಮಿಲ್ಲಿನಣ್ಣ ಬೇಡವೆನ್ನಲಿಲ್ಲ, ಆಯಿತು ಎನ್ನಲೂ ಇಲ್ಲ. ಅವರು ಹೊಸ ಮೊಬೈಲ್ ಕೊಂಡರೆಂದು ತಿಳಿದ ಮೇಲೆ ನಾನು ಮೂರು ಸಲ ಮೇಲ್ ಬರೆದೆ. ಒಮ್ಮೆ ಅಣ್ಣಾ ಎಂದು ಶುರುಮಾಡಿ ಎರಡು ಗೆರೆ. ಒಮ್ಮೆ ಯಾವ ಹೆಸರೂ ಇಲ್ಲದೆ, ಗಾಯ ಹೇಗಿದೆ ಎಂದು ಮಾತ್ರ. ಮೂರನೆಯದನ್ನು ಬರೆದು ಒಂದು ಗಂಟೆ ನೋಡುತ್ತ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಈ ಮನುಷ್ಯನಿಗೆ ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಕಳಿಸಿದೆ. ಯಾವುದಕ್ಕೂ ಉತ್ತರವಿಲ್ಲ.

ಬಾಗಿಲು ಫ್ಯಾಕ್ಟರಿಯ ಸುರಕ್ಷತಾ ಅಧಿಕಾರಿ ಮುಂದಿನ ತಿಂಗಳು ಅಂಗಡಿ ನೋಡಲು ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಒಡೆದ ಗಾಜಿನ ಜಾಗಕ್ಕೆ ಹೊಡೆದಿದ್ದ ಪ್ಲೈವುಡ್ ನೋಡಿದರು, ಕೇಳಲಿಲ್ಲ. "ಮೇಡಂ, ನಿಮ್ಮ ಪತ್ರವನ್ನ ನಮ್ಮ ಬೋರ್ಡಿಗೆ ಅಂಟಿಸಿದ್ದೀವಿ. ಸೂಚನೆ ಅಂದ್ರೆ ಹೀಗೆ ಬರೀಬೇಕು ಅಂತ ಎಲ್ಲ ಸರಬರಾಜುದಾರರಿಗೂ ತೋರಿಸ್ತೀವಿ," ಎಂದು ಹೊಗಳಿದರು. ಥ್ಯಾಂಕ್ಸ್ ಎಂದೆ. ಕಿಡಿ ಟಾರ್ಚ್ ಆರಿಸಿ ಹೊರಗೆ ಹೋದ.

ಬಂದದ್ದು: ಬಾಗಿಲು ಫ್ಯಾಕ್ಟರಿಯಿಂದ ತಿಂಗಳಿಗೆ ಹದಿನಾಲ್ಕು ಬ್ಲೇಡಿನ ಕೆಲಸ. ಹೋದದ್ದು: ಒಬ್ಬ ಮನುಷ್ಯನ ಎಡಗಣ್ಣು, ಮತ್ತು ನನ್ನನ್ನು ತಂಗೀ ಎನ್ನುತ್ತಿದ್ದ ಮಿಲ್ಲಿನಣ್ಣ.